ಹಪ್ಪಳ ತಿಂದವರ ಮಾತು, ತಿಂದವರದ್ದೇ ಆಗಿರಲಿ

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅತ್ತಿಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ರಾಗಿ ಹುರಿಹಿಟ್ಟು ಮಾಡಿ ಮಾರುತ್ತಾರೆ. ಕಳೆದ ವರ್ಷ 8 ಪುಟದ ಕ್ಯಾಟಲಾಗ್ ಮಾಡಿಸಲು ಹೊರಟಾಗ, ಕೊನೆಯ ಪುಟಕ್ಕೆ ‘ಗ್ರಾಹಕರು ಏನನ್ನುತ್ತಾರೆ?’ ಎಂದು ತಲೆಬರಹ ಕೊಟ್ಟರು. ಅದರ ಕೆಳಗೆ ಹಾಕಲು ಮಾತು ಬೇಕಲ್ಲ? ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಒಂದೇ ಸಂದೇಶ ಹೋಯಿತು: ‘ನಮ್ಮ ತಿನಿಸುಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಕಳಿಸಿ.’ ಸಂಜೆಯ ಹೊತ್ತಿಗೆ ‘ಸೂಪರ್’, ‘ತುಂಬಾ ಚೆನ್ನಾಗಿದೆ’, ‘ಹೀಗೇ ಮುಂದುವರಿಸಿ’ ಬಂದವು. ಉಳಿದವರು ಹೆಬ್ಬೆರಳು ಎತ್ತಿ ಸುಮ್ಮನಾದರು.

‘ಇದನ್ನು ಅಚ್ಚು ಹಾಕಿಸಿದರೆ ನಾನೇ ಬರೆದುಕೊಂಡೆ ಅಂತಾರೆ’ ಎಂದರು ಅತ್ತಿಗೆ. ನಿಜ. ಆದರೆ ತಪ್ಪು ಗ್ರಾಹಕರದ್ದಲ್ಲ, ಕೇಳಿದ ಬಗೆಯದ್ದು. ಒಳ್ಳೆಯ ಮಾತು ಬರೆಯಿರಿ ಎಂದರೆ ಜನ ಹೊಗಳುತ್ತಾರೆ. ಆ ಹೊಗಳಿಕೆಯನ್ನು ಸೀರೆಗೂ ಹಾಕಬಹುದು, ಸೈಕಲ್ಲಿಗೂ ಹಾಕಬಹುದು. ಕೊಳ್ಳಲು ಬಂದವರಿಗೆ ಬೇಕಿರುವುದು ಬೇರೆ. ಹಪ್ಪಳ ಕರಿದಾಗ ಎಷ್ಟು ಅರಳುತ್ತದೆ, ಖಾರ ಎಷ್ಟು, ಪಾರ್ಸೆಲ್ ಮುರಿಯದೆ ಬರುತ್ತದೆಯೇ? ಇದನ್ನು ಹೇಳಬಲ್ಲವರು ತಿಂದವರು ಮಾತ್ರ.

ಎರಡನೇ ಸಲ ಎಲ್ಲರನ್ನೂ ಕೇಳಲಿಲ್ಲ, ಹೊತ್ತು ನೋಡಿ ಕೇಳಿದೆವು. ಪಾರ್ಸೆಲ್ ತಲುಪಿದ ದಿನವೇ ಕೇಳಿದರೆ ಡಬ್ಬಿಯ ಮುಚ್ಚಳವನ್ನೇ ತೆರೆದಿರುವುದಿಲ್ಲ. ಹಪ್ಪಳಕ್ಕೆ ಒಂದು ವಾರವಾದರೂ ಬೇಕು, ಹುರಿಹಿಟ್ಟು ಮನೆಯ ಅಭ್ಯಾಸವಾಗಲು ಎರಡು ಮೂರು ವಾರ ಬೇಕು. ಎಲ್ಲಕ್ಕಿಂತ ಒಳ್ಳೆಯ ಹೊತ್ತೆಂದರೆ ‘ಇನ್ನೊಂದು ಕೆಜಿ ಕಳಿಸಿ’ ಎಂದು ಅವರೇ ಫೋನ್ ಮಾಡಿದಾಗ. ಆಗ ಕಳಿಸಲು ಬರೆದುಕೊಂಡ ಸಂದೇಶ ಹೀಗಿತ್ತು:

‘ನಮಸ್ಕಾರ. ಹಪ್ಪಳ ಮತ್ತೆ ತರಿಸಿಕೊಂಡಿದ್ದಕ್ಕೆ ಖುಷಿಯಾಯಿತು. ಹೊಸಬರಿಗೆ ತಿಳಿಯಲೆಂದು ಕ್ಯಾಟಲಾಗಿನಲ್ಲಿ ತಿಂದವರ ಅನುಭವ ಹಾಕುತ್ತಿದ್ದೇವೆ. ಬಿಡುವಿದ್ದರೆ ಎರಡು ಮೂರು ಸಾಲು ಬರೆಯುತ್ತೀರಾ? ಮನೆಯಲ್ಲಿ ಹೇಗೆ ಬಳಸಿದಿರಿ, ಏನು ಹಿಡಿಸಿತು, ಏನು ಸರಿಹೋಗಲಿಲ್ಲ ಎಂದು ಬರೆದರೆ ಸಾಕು. ಧ್ವನಿ ಸಂದೇಶವಾದರೂ ಆದೀತು. ಆಗದಿದ್ದರೆ ಚಿಂತೆಯಿಲ್ಲ.’

ಇದರಲ್ಲಿ ‘ಏನು ಸರಿಹೋಗಲಿಲ್ಲ’ ಎಂಬ ಪ್ರಶ್ನೆಯೇ ಮುಖ್ಯ. ಕೊರತೆ ಹೇಳಲು ಜಾಗ ಕೊಟ್ಟರೆ ಮೆಚ್ಚಿದ್ದನ್ನೂ ಜನ ನಿಖರವಾಗಿ ಹೇಳುತ್ತಾರೆ. ‘ಆಗದಿದ್ದರೆ ಚಿಂತೆಯಿಲ್ಲ’ ಎಂಬುದೂ ಬರೀ ಉಪಚಾರದ ಮಾತಲ್ಲ. ಪರಿಚಯದವರಿಗೆ ಇಲ್ಲವೆನ್ನುವುದು ಕಷ್ಟ; ಜಾರಿಕೊಳ್ಳಲು ದಾರಿ ಬಿಡುವುದು ಕೇಳುವವರ ಕೆಲಸ. ಉತ್ತರ ಬರದಿದ್ದರೆ ವಾರ ಬಿಟ್ಟು ಒಮ್ಮೆ ನೆನಪಿಸಬಹುದು, ಅಲ್ಲಿಗೆ ಮುಗಿಸಬೇಕು.

‘ಬರೆದವರಿಗೆ ಹತ್ತು ಪರ್ಸೆಂಟ್ ರಿಯಾಯಿತಿ ಅನ್ನೋಣ’ ಎಂದ ಅತ್ತಿಗೆಯ ಮಗ. ಬೇಡವೆಂದೆವು. ರಿಯಾಯಿತಿ ಪಡೆದವರ ಪೆನ್ನು ಕೊರತೆಯ ಹತ್ತಿರ ಬಂದಾಗ ತಡೆಯುತ್ತದೆ. ಉಡುಗೊರೆ ಮೊದಲೇ ಹೋಗಿದ್ದರೆ, ಬರೆದವರು ನೆಂಟರಾಗಿದ್ದರೆ, ಅದನ್ನು ಆ ಮಾತಿನ ಕೆಳಗೇ ಹೇಳಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಜಾಹೀರಾತಿನಲ್ಲಿ ಬರುವ ಮೆಚ್ಚುಗೆ ಹೇಳಿದವರ ನಿಜವಾದ ಅಭಿಪ್ರಾಯವಾಗಿರಬೇಕು, ತೀರ ಹಳತಾಗಿರಬಾರದು, ಸಾಕಷ್ಟು ಮಾಹಿತಿಯಿಂದ ಇಲ್ಲವೇ ಅನುಭವದಿಂದ ಬಂದಿರಬೇಕು. ನಂಬಿಕೆಯ ಮೇಲೆ ಪರಿಣಾಮ ಬೀರುವ ನಂಟಿದ್ದರೆ ಅದನ್ನು ತಿಳಿಸಬೇಕು.

ಈ ಸಲ ಬಂದ ಉತ್ತರಗಳಲ್ಲಿ ಮೈಸೂರಿನ ಗೃಹಿಣಿಯೊಬ್ಬರದ್ದು ಹೀಗಿತ್ತು: ‘ಹಪ್ಪಳ ಎಣ್ಣೆ ಹೀರಲ್ಲ, ಚೆನ್ನಾಗಿ ಅರಳ್ತದೆ. ಅಜ್ಜಿ ಮನೆ ರುಚಿ ನೆನಪಾಯ್ತು. ಮಕ್ಕಳಿಗೆ ಮಾತ್ರ ಖಾರ ಜಾಸ್ತಿ ಆಯ್ತು. ಪಾರ್ಸೆಲ್‌ನಲ್ಲಿ ಕಾಲು ಭಾಗ ಮುರಿದಿತ್ತು.’

ಪುಟದಲ್ಲಿ ಇದ್ದ ಜಾಗ ಚಿಕ್ಕದು. ಡಿಟಿಪಿ ಮಾಡುವ ಹುಡುಗ ಮೊದಲೆರಡು ವಾಕ್ಯ ಉಳಿಸಿ ಮಿಕ್ಕದ್ದನ್ನು ತೆಗೆದ. ಉಳಿದದ್ದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ, ಆದರೂ ಅದು ಆಕೆ ಹೇಳಿದ್ದಲ್ಲ. ಕತ್ತರಿಸಿದ್ದು ಸರಿಯೇ ಎಂದು ನೋಡಲು ಒಂದು ಸುಲಭದ ಪರೀಕ್ಷೆಯಿದೆ: ಬರೆದವರೇ ಈ ಪುಟ ನೋಡಿದರೆ ‘ಹೌದು, ನಾನು ಹೇಳಿದ್ದು ಇದೇ’ ಎಂದಾರೇ? ನಾವು ತೆಗೆದದ್ದು ಅಜ್ಜಿ ಮನೆಯ ವಾಕ್ಯವನ್ನು. ಅದು ಸಿಹಿಯಾದ ಮಾತು, ಆದರೆ ಕೊಳ್ಳುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ತೆಗೆದಲ್ಲಿ ಮೂರು ಚುಕ್ಕಿ ಇಟ್ಟೆವು. ಖಾರದ ಮಾತು ಉಳಿಯಿತು, ಮುರಿದ ಮಾತೂ ಉಳಿಯಿತು. ಅದರ ಕೆಳಗೆ ಬೇರೆ ಅಕ್ಷರದಲ್ಲಿ ಅತ್ತಿಗೆಯ ಉತ್ತರ: ‘ಈಗ ಹಪ್ಪಳವನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಕಳಿಸುತ್ತೇವೆ.’ ಅಕ್ಷರದೋಷವನ್ನು ತಿದ್ದಬಹುದು. ‘ಅರಳ್ತದೆ’ಯನ್ನು ‘ಅರಳುತ್ತದೆ’ ಮಾಡಬೇಕಿಲ್ಲ. ಎಲ್ಲರ ಮಾತನ್ನೂ ಒಂದೇ ಗ್ರಾಂಥಿಕ ಕನ್ನಡಕ್ಕೆ ತಂದರೆ ಎಲ್ಲವನ್ನೂ ಒಬ್ಬರೇ ಬರೆದಂತೆ ಕಾಣುತ್ತದೆ.

ಹೀಗೆ ಸಿದ್ಧವಾದ ಸಾಲುಗಳನ್ನು ಅಚ್ಚಿಗೆ ಮುನ್ನ ಅವರಿಗೇ ಕಳಿಸಿ ಒಪ್ಪಿಗೆ ಕೇಳಿದೆವು. ಮಾತು ಕಳಿಸಿದ್ದಾರೆಂದರೆ ಹೆಸರು ಹಾಕಲು ಒಪ್ಪಿದ್ದಾರೆಂದಲ್ಲ. ಪೂರ್ತಿ ಹೆಸರೋ, ಮೊದಲ ಹೆಸರಷ್ಟೇ ಸಾಕೋ, ‘ಗೃಹಿಣಿ, ಮೈಸೂರು’ ಎಂದಿದ್ದರೆ ಸಾಕೋ ಎಂದು ಅವರೇ ಆರಿಸಬೇಕು. ಫೋಟೊಗೆ ಪ್ರತ್ಯೇಕವಾಗಿ ಕೇಳಬೇಕು. ವಾಟ್ಸ್‌ಆ್ಯಪ್ ಪರದೆಯ ಚಿತ್ರವನ್ನೇ ಹಾಕುವವರು ಫೋನ್ ನಂಬರನ್ನೂ ಮುಖವನ್ನೂ ಮರೆಮಾಡಬೇಕು. ಮೈಸೂರಿನವರು ಹೆಸರು ಬೇಡವೆಂದರು, ಊರು ಮಾತ್ರ ಹಾಕಿದೆವು. ಬೇರೊಂದು ಹೆಸರು ಕಟ್ಟಿ, ಇಂಟರ್ನೆಟ್‌ನಿಂದ ನಗುಮುಖ ತಂದು ಅಂಟಿಸಿದರೆ, ಮಾತು ನಿಜವಾಗಿದ್ದರೂ ಪುಟ ಸುಳ್ಳಾಗುತ್ತದೆ.

ಕೈಬಿಡಬೇಕಾಗಿ ಬಂದದ್ದು ಎಲ್ಲಕ್ಕಿಂತ ಹೆಚ್ಚು ಹೊಗಳಿದ ಮಾತನ್ನು. ‘ನಿಮ್ಮ ಹುರಿಹಿಟ್ಟು ತಿಂದು ನನ್ನ ಶುಗರ್ ಇಳಿಯಿತು, ಮಾತ್ರೆ ಬಿಟ್ಟೆ’ ಎಂದು ಒಬ್ಬರು ಬರೆದಿದ್ದರು. ಅತ್ತಿಗೆಗೆ ಅದನ್ನು ಮೊದಲ ಪುಟಕ್ಕೇ ಹಾಕುವ ಆಸೆ. ಅವರು ಮನಸ್ಸಿನಲ್ಲಿದ್ದದ್ದನ್ನೇ ಬರೆದಿದ್ದಾರು. ಆದರೆ ಗ್ರಾಹಕರ ಮಾತು ಕ್ಯಾಟಲಾಗಿಗೆ ಬಂದ ಗಳಿಗೆಯಿಂದ ಅದು ಮಾರುವವರ ಜಾಹೀರಾತು. ಆಹಾರ ಪದಾರ್ಥ ರೋಗ ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ನಿಷೇಧಿಸಿವೆ. ದಾರಿತಪ್ಪಿಸುವ ಆಹಾರ ಜಾಹೀರಾತಿಗೆ 2006ರ ಕಾಯಿದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ‘ನಾನು ಹೇಳಿಲ್ಲ, ಅವರು ಹೇಳಿದ್ದು’ ಎಂದು ತಪ್ಪಿಸಿಕೊಳ್ಳುವುದು ಕಷ್ಟ. ಕಾನೂನು ಹಾಗಿರಲಿ, ಆ ಸಾಲು ಓದಿ ಇನ್ನೊಬ್ಬರು ಮಾತ್ರೆ ಬಿಟ್ಟರೆ? ಅತ್ತಿಗೆ ಅವರಿಗೆ ಫೋನ್ ಮಾಡಿ, ಮೊದಲು ಡಾಕ್ಟರನ್ನು ಕಾಣಿ ಎಂದರು.

ಕೊನೆಗೆ ಆ ‘ಗ್ರಾಹಕರು ಏನನ್ನುತ್ತಾರೆ?’ ಪುಟವೇ ಬೇಡವೆನಿಸಿತು. ಹಪ್ಪಳದ ಮಾತು ಹಪ್ಪಳದ ಬೆಲೆಯ ಪಕ್ಕಕ್ಕೆ, ಉಪ್ಪಿನಕಾಯಿಯದ್ದು ಉಪ್ಪಿನಕಾಯಿಯ ಪಕ್ಕಕ್ಕೆ ಹೋದವು. ಪ್ರತಿಯೊಂದರ ಕೆಳಗೆ ತಿಂಗಳು, ವರ್ಷ. ಅಪ್ಪೆಮಿಡಿಯ ಪರಿಮಳ ಮರದಿಂದ ಮರಕ್ಕೆ ಬೇರೆ, ಹೋದ ವರ್ಷದ ಮಿಡಿಗೆ ಬಂದ ಮೆಚ್ಚುಗೆಯನ್ನು ಈ ವರ್ಷದ ಜಾಡಿಗೆ ಕಟ್ಟುವಂತಿಲ್ಲ. ಆದ್ದರಿಂದ ಹದ ಬದಲಾದಾಗ ಹಳೆಯ ಮಾತು ತೆಗೆಯುವುದೆಂದು ಗೊತ್ತುಮಾಡಿದೆವು. ಮೂಲ ಸಂದೇಶಗಳನ್ನೂ ಒಪ್ಪಿಗೆಯ ಉತ್ತರಗಳನ್ನೂ ಅಳಿಸದೆ ಇಟ್ಟಿದ್ದೇವೆ. ಯಾರಾದರೂ ‘ನನ್ನದನ್ನು ತೆಗೆಯಿರಿ’ ಎಂದರೆ ಮುಂದಿನ ಮುದ್ರಣದಲ್ಲಿ ಅದು ಇರುವುದಿಲ್ಲ.

ಕ್ಯಾಟಲಾಗ್ ಹಂಚಿದ ಮೇಲೆ ಹಲವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಮಕ್ಕಳಿಗೆ ಖಾರ ಕಡಿಮೆ ಹಾಕಿದ ಹಪ್ಪಳ ಇದೆಯಾ?’ ಈ ಹಲಸಿನ ಕಾಲದಲ್ಲಿ ಅತ್ತಿಗೆ ಎರಡು ಬಗೆಯ ಹಿಟ್ಟು ಕಲಸಿದರು.