ಸಾರೋಟು ಎಳೆದವರ ಮಾತು ಎಲ್ಲಿ ಹೋಯಿತು?

1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಹುಡುಗರು ತಮ್ಮ ತತ್ವಶಾಸ್ತ್ರದ ಮೇಷ್ಟರನ್ನು ಬೀಳ್ಕೊಟ್ಟ ಬಗೆಯನ್ನು ಊರು ಬಹುಕಾಲ ನೆನೆಯಿತು. ಹೂವಿನಿಂದ ಸಿಂಗರಿಸಿದ ಸಾರೋಟಿನ ಕುದುರೆಗಳನ್ನು ಬಿಚ್ಚಿ, ರೈಲು ನಿಲ್ದಾಣದವರೆಗೆ ಗಾಡಿಯನ್ನು ತಾವೇ ಎಳೆದರು. ಒಳಗೆ ಕೂತಿದ್ದವರು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಿದ್ದ ಸರ್ವಪಲ್ಲಿ ರಾಧಾಕೃಷ್ಣನ್. ಅವರು ಮೈಸೂರಿಗೆ ಬಂದದ್ದು 1918ರಲ್ಲಿ. ಮೂರು ವರ್ಷ ಪಾಠ ಹೇಳಿದ ಒಬ್ಬ ಅಧ್ಯಾಪಕರಿಗಾಗಿ ಹುಡುಗರು ಗಾಡಿಗೆ ಹೆಗಲು ಕೊಡಬೇಕಾದರೆ, ಆ ತರಗತಿಯಲ್ಲಿ ಏನೇನು ನಡೆದಿರಬೇಕು!

1962ರಲ್ಲಿ ಅವರು ರಾಷ್ಟ್ರಪತಿಗಳಾದರು. ಸೆಪ್ಟೆಂಬರ್ 5ರ ಹುಟ್ಟುಹಬ್ಬ ಆಚರಿಸುತ್ತೇವೆಂದು ಹಳೆಯ ಶಿಷ್ಯರು, ಸ್ನೇಹಿತರು ಬಂದಾಗ, ಅದನ್ನು ಶಿಕ್ಷಕರ ದಿನವಾಗಿ ಆಚರಿಸಿದರೆ ತಮಗೆ ಹೆಮ್ಮೆ ಎಂದರು. ಅಲ್ಲಿಂದ ಶಾಲೆಗಳಿಗೆ ಹಬ್ಬ ಬಂತು. ಹಿರಿಯ ತರಗತಿಯ ಹುಡುಗಿಯರು ಸೀರೆ ಉಟ್ಟು ಒಂದು ದಿನದ ಟೀಚರ್ ಆಗುವುದು, ಫೋಟೊಗೆ ಹಾರ, ಆಮೇಲೆ ಮಕ್ಕಳ ಭಾಷಣ.

ಈ ಭಾಷಣದ ಬಗ್ಗೆ ನನಗೆ ಬೇಸರವಿದೆ. 'ವೇದಿಕೆಯ ಮೇಲೆ ಆಸೀನರಾಗಿರುವ' ಎಂದು ಶುರುವಾಗಿ, ತಿರುತ್ತಣಿಯಲ್ಲಿ ಹುಟ್ಟಿದರು ಎಂಬಲ್ಲಿಗೆ ಹೋಗಿ, ಗುರುವನ್ನು ದೀಪಕ್ಕೆ ಹೋಲಿಸಿ ಮುಗಿಯುತ್ತದೆ. ಎಷ್ಟೋ ಕಡೆ ಅದನ್ನು ಬರೆದುಕೊಡುವವರೂ ಟೀಚರೇ. ತಮ್ಮನ್ನೇ ಹೊಗಳುವ ಸಾಲನ್ನು ಅವರೇ ತಿದ್ದಿ ಬಾಯಿಪಾಠ ಮಾಡಿಸಬೇಕು. ಮಗು ಮಧ್ಯದಲ್ಲಿ ಒಂದು ಪದ ಮರೆತರೆ ಮುಂದಕ್ಕೆ ಹೋಗಲಾರದೆ ನಿಲ್ಲುತ್ತದೆ, ಏಕೆಂದರೆ ಆ ಮಾತಿನ ಹಿಂದೆ ಅದು ಕಂಡದ್ದೇನೂ ಇಲ್ಲ.

ಹಳ್ಳಿಯ ಶಾಲೆಯೊಂದರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳಿಗೆ ಹೀಗೇ ಆಯಿತು. ತಾಲೀಮಿನಲ್ಲಿ ಮೂರನೇ ಸಾಲಿಗೆ ತಡವರಿಸಿದಳು. ಪಕ್ಕದ ತರಗತಿಯ ಮೇಷ್ಟ್ರು ಚೀಟಿ ಇಸಿದುಕೊಂಡು, "ನಿಮ್ಮ ಮಿಸ್ ಬೈದದ್ದು ಯಾವಾಗ ಹೇಳಮ್ಮ" ಎಂದರು. ಹುಡುಗಿ ನಕ್ಕಳು. ಭಾಗಾಕಾರದಲ್ಲಿ ಸೊನ್ನೆ ಬಿಟ್ಟಿದ್ದಕ್ಕೆ ಬೈದರಂತೆ. 612ನ್ನು 6ರಿಂದ ಭಾಗಿಸಿ 12 ಎಂದು ಬರೆದಿದ್ದಳು. ಮಿಸ್ ಕೆಂಪು ಗೀಟು ಹಾಕಲಿಲ್ಲ. ಆರುನೂರ ಹನ್ನೆರಡು ಹುಣಸೆಬೀಜವನ್ನು ಆರು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಬರೀ ಹನ್ನೆರಡಾ, ಮಿಕ್ಕದ್ದನ್ನು ಯಾರು ನುಂಗಿದರು ಎಂದು ಗದರಿದರು. ತರಗತಿಯೆಲ್ಲ ನಕ್ಕಿತು. ಅವಳೇ ಬೋರ್ಡಿನ ಮೇಲೆ ಒಂದರ ಪಕ್ಕ ಸೊನ್ನೆ ಇಟ್ಟು 102 ಮಾಡಿದಳು.

ಮೇಷ್ಟ್ರು ಅಷ್ಟನ್ನೇ ಹೇಳಲು ಬಿಟ್ಟರು. ಯಾವ ದಿನ, ಏನು ತಪ್ಪಾಯಿತು, ಮಿಸ್ ಏನಂದರು, ಆಮೇಲೆ ನೀನೇನು ಮಾಡಿದೆ: ಇಷ್ಟು ಕೇಳಿದರೆ ಎರಡು ನಿಮಿಷದ ಭಾಷಣ ಮಗುವಿನ ಬಾಯಿಂದಲೇ ಬರುತ್ತದೆ. ಮರೆತರೂ ಬೇರೆ ಪದದಲ್ಲಿ ಮುಂದುವರಿಸುತ್ತದೆ. ಸೆಪ್ಟೆಂಬರ್ 5ರಂದು ಅವಳು ಚೀಟಿಯಿಲ್ಲದೆ ನಿಂತು ಹುಣಸೆಬೀಜದ ಮಾತು ಹೇಳಿದಾಗ, ತಾವು ಹಾಗೆ ಗದರಿದ್ದು ಆ ಮಿಸ್‌ಗೆ ನೆನಪೇ ಇರಲಿಲ್ಲ.