ಯಂತ್ರ ‘ಆಗಲ್ಲ’ ಅಂದರೆ ಏನರ್ಥ?

ದಾವಣಗೆರೆಯ ಅಂಗಡಿಯೊಂದರಲ್ಲಿ ಚಿಕ್ಕಪ್ಪ ಫ್ರಿಜ್ ಆರಿಸಿ, ಚೌಕಾಸಿ ಮುಗಿಸಿ, 28,500 ರೂಪಾಯಿಗೆ ಡೆಬಿಟ್ ಕಾರ್ಡ್ ಕೊಟ್ಟರು. ಪಿನ್ ಒತ್ತಿದರು. ಯಂತ್ರ ಕೀಂ ಅಂದು ಒಂದು ಚೀಟಿ ಉಗುಳಿತು. “ಸರ್ವರ್ ಪ್ರಾಬ್ಲಮ್ ಸಾರ್, ಇನ್ನೊಂದ್ಸಲ ಹಾಕೋಣ” ಎಂದ ಅಂಗಡಿಯ ಹುಡುಗ. ಎರಡನೇ ಸಲ, ಮೂರನೇ ಸಲವೂ ಅದೇ ಕೀಂ. ಹಿಂದೆ ನಿಂತವರ ಮುಂದೆ ಚಿಕ್ಕಪ್ಪನ ಮುಖ ಕೆಂಪಾಯಿತು. “64 ಸಾವಿರ ಇದೆ ಕಣೋ ಅಕೌಂಟಲ್ಲಿ. ನನ್ನ ದುಡ್ಡು ನನಗೇ ಕೊಡಲ್ಲ ಅಂತದಲ್ಲ ಇದು!”

ಹುಡುಗ ಮುದುರಿ ಎಸೆದಿದ್ದ ಚೀಟಿಯನ್ನು ಬಿಡಿಸಿ ನೋಡಿದೆ. ಅದರಲ್ಲಿ ಸರ್ವರ್ ಸುದ್ದಿಯೇ ಇರಲಿಲ್ಲ. ‘EXCEEDS LIMIT’ ಎಂದಿತ್ತು, ಪಕ್ಕದಲ್ಲಿ 61 ಎಂಬ ಸಂಖ್ಯೆ.

‘ಆಗಲ್ಲ’ ಎಂದದ್ದು ಅಂಗಡಿಯ ಯಂತ್ರವಲ್ಲ. ನಾವು ಪಿನ್ ಒತ್ತಿದ ಕೂಡಲೇ ಕೋರಿಕೆ ಅಂಗಡಿಯವರ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಮೂಲಕ ನಮ್ಮ ಬ್ಯಾಂಕಿನ ಬಾಗಿಲು ತಟ್ಟುತ್ತದೆ. ಖಾತೆ ನೋಡಿ ತೀರ್ಮಾನ ಮಾಡುವುದು ನಮ್ಮ ಬ್ಯಾಂಕು. ಅದರ ಉತ್ತರ ಎರಡಂಕಿಯ ಸಂಕೇತವಾಗಿ ಅದೇ ದಾರಿಯಲ್ಲಿ ವಾಪಸು ಬರುತ್ತದೆ. 00 ಅಂದರೆ ಒಪ್ಪಿಗೆ. ಉಳಿದವು ಬಗೆಬಗೆಯ ‘ಇಲ್ಲ’ಗಳು. ಇಷ್ಟೆಲ್ಲ ಆಗಲು ಕೆಲವು ಸೆಕೆಂಡು ಸಾಕು. ಕೆಲವು ಯಂತ್ರಗಳು ಆ ಸಂಕೇತವನ್ನು ಮಾತಿಗೆ ತಿರುಗಿಸಿ ತೋರಿಸುತ್ತವೆ, ಕೆಲವು ಬರೀ ‘DECLINED’ ಎಂದು ಸುಮ್ಮನಾಗುತ್ತವೆ. ಆದ್ದರಿಂದ ಅಂಗಡಿಯವರನ್ನು ಬೈದು ಫಲವಿಲ್ಲ, ಚೀಟಿ ಓದಿದರೆ ಫಲವಿದೆ.

ಚಿಕ್ಕಪ್ಪನ ಲೆಕ್ಕ ಹೀಗಿತ್ತು. ಅವರ ಕಾರ್ಡಿನಲ್ಲಿ ಅಂಗಡಿ ಖರೀದಿಗೆ ದಿನದ ಮಿತಿ 30,000 ರೂಪಾಯಿ. ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ಅದೇ ಕಾರ್ಡಿನಿಂದ 6,000 ಕೊಟ್ಟಿದ್ದರು. ಉಳಿದದ್ದು 24,000. ಫ್ರಿಜ್ಜಿನ 28,500 ಅದರೊಳಗೆ ಹಿಡಿಯಲಿಲ್ಲ. ಖಾತೆಯಲ್ಲಿ ಎಷ್ಟಿದೆ ಎಂಬುದಕ್ಕೂ ಈ ಮಿತಿಗೂ ಸಂಬಂಧವೇ ಇಲ್ಲ. ಕಾರ್ಡ್ ಕಳ್ಳರ ಕೈಗೆ ಸಿಕ್ಕರೂ ಒಂದೇ ದಿನದಲ್ಲಿ ಖಾತೆ ಬರಿದಾಗಬಾರದೆಂದು ಹಾಕಿದ ಬೇಲಿ ಇದು. ಎಟಿಎಂನಿಂದ ತೆಗೆಯುವುದಕ್ಕೂ ಅಂಗಡಿಯಲ್ಲಿ ಕೊಡುವುದಕ್ಕೂ ಸಾಮಾನ್ಯವಾಗಿ ಬೇರೆ ಬೇರೆ ಮಿತಿ ಇರುತ್ತದೆ. ಬ್ಯಾಂಕು ಇಟ್ಟ ಗರಿಷ್ಠ ಮಿತಿಯೊಳಗೆ ನಮ್ಮದೇ ಮಿತಿಯನ್ನು ಆ್ಯಪ್‌ನಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ನಾವು ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. 24,000 ಕಾರ್ಡಿನಲ್ಲಿ, 4,500 ನಗದಿನಲ್ಲಿ ಕೊಟ್ಟೆವು. ಯಂತ್ರ ತೆಪ್ಪಗೆ ಒಪ್ಪಿಕೊಂಡಿತು. ಮೊತ್ತ ಕಡಿಮೆ ಮಾಡಿದರೆ ದಾಟುವ ‘ಇಲ್ಲ’ ಇದು. ಎಲ್ಲ ‘ಇಲ್ಲ’ಗಳೂ ಹೀಗಲ್ಲ.

‘INSUFFICIENT FUNDS’, ಸಂಕೇತ 51, ಅಂದರೆ ದುಡ್ಡು ಸಾಲದು. ಇದರಲ್ಲಿ ಗೊಂದಲವೇನಿದೆ ಅನಿಸಬಹುದು. ಆದರೆ ಪಾಸ್‌ಬುಕ್ಕಿನಲ್ಲಿ ದುಡ್ಡಿದ್ದೂ ಈ ಮಾತು ಬರುವುದುಂಟು, ಏಕೆಂದರೆ ಬ್ಯಾಂಕು ನೋಡುವುದು ಖಾತೆಯಲ್ಲಿರುವ ಮೊತ್ತವನ್ನಲ್ಲ, ಬಳಸಲು ಸಿಗುವ ಮೊತ್ತವನ್ನು. ನೀವು ಐಪಿಒಗೆ ಅರ್ಜಿ ಹಾಕಿ 15,000 ರೂಪಾಯಿ ತಡೆಹಿಡಿಸಿದ್ದರೆ ಆ ದುಡ್ಡು ಖಾತೆಯಲ್ಲೇ ಇರುತ್ತದೆ, ಮುಟ್ಟಲು ಮಾತ್ರ ಬರುವುದಿಲ್ಲ. ಹಾಕಿದ ಚೆಕ್ಕು ಇನ್ನೂ ಕ್ಲಿಯರ್ ಆಗಿರದಿದ್ದರೂ ಅಷ್ಟೇ. ಹಾಗಾಗಿ ಆ್ಯಪ್‌ನಲ್ಲಿ ‘Available Balance’ ಎಂಬ ಸಾಲನ್ನೇ ನೋಡಬೇಕು. ಎಟಿಎಂನಲ್ಲಿ ಈ ‘ಇಲ್ಲ’ಕ್ಕೆ ಬೆಲೆಯೂ ಇದೆ: ದುಡ್ಡಿಲ್ಲದೆ ತೆಗೆಯಲು ಹೋದರೆ ಹಲವು ಬ್ಯಾಂಕುಗಳು ಪ್ರತಿ ಸಲಕ್ಕೂ ಶುಲ್ಕ ಮುರಿದುಕೊಳ್ಳುತ್ತವೆ. “ಬರುತ್ತೇನೋ ನೋಡೋಣ” ಎಂದು ಮೂರು ಸಲ ಒತ್ತುವ ಮೊದಲು ಬ್ಯಾಲೆನ್ಸ್ ನೋಡಿಕೊಳ್ಳುವುದು ಮೇಲು.

‘INCORRECT PIN’, ಸಂಕೇತ 55. ಪದೇ ಪದೇ ಪ್ರಯತ್ನಿಸುವುದು ನಿಜಕ್ಕೂ ಕೆಡುಕಾಗುವುದು ಇಲ್ಲೇ. ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಬ್ಯಾಂಕು ಪಿನ್ ಬಳಕೆಗೇ ಬೀಗ ಹಾಕುತ್ತದೆ. ಆಮೇಲೆ ಬರುವ ಸಂಕೇತ 75. ಆಗ ಸರಿಯಾದ ಪಿನ್ ನೆನಪಾಗಿ ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ಕೆಲವು ಬ್ಯಾಂಕುಗಳಲ್ಲಿ ಮರುದಿನ ಬೀಗ ತಾನಾಗಿ ತೆರೆಯುತ್ತದೆ, ಕೆಲವದರಲ್ಲಿ ಹೊಸ ಪಿನ್ ಮಾಡಿಕೊಳ್ಳಬೇಕು. ಆದ್ದರಿಂದ ಎರಡು ಸಲ ತಪ್ಪಿದರೆ ಅಲ್ಲಿಗೇ ನಿಲ್ಲಿಸಿ. ಬಹಳ ಜನ ಎಡವುವುದು ಯುಪಿಐ ಪಿನ್ನನ್ನು ಕಾರ್ಡಿಗೆ ಒತ್ತಿ. ಎರಡೂ ಒಂದೇ ಖಾತೆಯವಾದರೂ ಬೇರೆ ಬೇರೆ ಪಿನ್‌ಗಳು. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುವುದಿಲ್ಲ.

ನಾಲ್ಕನೆಯದು ಸ್ವಲ್ಪ ಗೂಢ. ನಮ್ಮ ಚಿಕ್ಕಮ್ಮನಿಗೆ ಹೊಸ ಕಾರ್ಡ್ ಬಂದಿತ್ತು. ಎಟಿಎಂನಲ್ಲಿ ದುಡ್ಡು ಬಂತು, ಅಂಗಡಿಯಲ್ಲಿ ಸೀರೆಯೂ ಬಂತು. ರೈಲು ಟಿಕೆಟ್ ಮಾಡಲು ಕೂತರೆ ಮಾತ್ರ ಒಟಿಪಿಯೂ ಬರದೆ ‘Payment failed’. ಇಂಥ ಕಡೆ ಸಂಕೇತ ಬಹುಮಟ್ಟಿಗೆ 57, ಅಂದರೆ ಈ ಕಾರ್ಡಿಗೆ ಈ ಬಗೆಯ ವಹಿವಾಟಿನ ಅನುಮತಿ ಇಲ್ಲ. ವೆಬ್‌ಸೈಟು ಅಷ್ಟು ಬಿಡಿಸಿ ಹೇಳುವುದೇ ಅಪರೂಪ.

ಕಾರಣ ಕಾರ್ಡಿನ ದೋಷವಲ್ಲ, ನಿಯಮ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೊರಡಿಸಿದ ಆದೇಶದಂತೆ, ಹೊಸ ಅಥವಾ ಬದಲಿ ಕಾರ್ಡು ಕೈಗೆ ಬಂದಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಲ್ಲಿ, ಅದೂ ಕಾರ್ಡು ತೂರಿಸಿದಾಗ ಮಾತ್ರ, ನಡೆಯುತ್ತದೆ. ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ಯಂತ್ರಕ್ಕೆ ತಾಗಿಸಿ ಕೊಡುವ ಟ್ಯಾಪ್ ಮೂರನ್ನೂ ನಾವೇ ಆನ್ ಮಾಡಿಕೊಳ್ಳಬೇಕು. ಒಮ್ಮೆಯೂ ಆನ್‌ಲೈನ್‌ನಲ್ಲಿ ಬಳಸದ ಹಳೆಯ ಕಾರ್ಡುಗಳಿಗೂ ಆ ಸೌಲಭ್ಯ ನಿಲ್ಲಿಸುವಂತೆ ಅದೇ ಆದೇಶ ಹೇಳಿತ್ತು. ಚಿಕ್ಕಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ನಿರ್ವಹಣೆಯ ಪುಟ ತೆರೆದು, ಆನ್‌ಲೈನ್ ಬಳಕೆಯ ಸ್ವಿಚ್ ಒತ್ತಿದರು. ಆದರೂ ಟಿಕೆಟ್ ಆಗಲಿಲ್ಲ! ನೋಡಿದರೆ ಸ್ವಿಚ್ ಕೆಳಗೆ ಆನ್‌ಲೈನ್ ಮಿತಿ ಸೊನ್ನೆಯಲ್ಲಿತ್ತು. 5,000 ಎಂದು ಬದಲಿಸಿದ ಮೇಲೆ ಒಟಿಪಿ ಬಂತು. ಟಿಕೆಟ್ ಆದ ಕೂಡಲೇ ಸ್ವಿಚ್ ಮತ್ತೆ ಆಫ್ ಮಾಡಿದರು. ಆ ಸೌಲಭ್ಯ ಇರುವುದೇ ಅದಕ್ಕೆ. ಆ್ಯಪ್ ಬಳಸದವರು ಎಟಿಎಂನಲ್ಲೋ ಬ್ಯಾಂಕಿನ ಫೋನ್ ಸೇವೆಯಲ್ಲೋ ಇದನ್ನು ಮಾಡಿಸಿಕೊಳ್ಳಬಹುದು.

ಹಾಗಾದರೆ ಅಂಗಡಿ ಹುಡುಗ ಹೇಳಿದ ‘ಸರ್ವರ್ ಪ್ರಾಬ್ಲಮ್’ ಇಲ್ಲವೇ? ಇದೆ. ಅದರ ಸಂಕೇತ 91: ನಮ್ಮ ಬ್ಯಾಂಕಿನಿಂದ ಉತ್ತರವೇ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ ಫಲ ಕಾಣಬಹುದಾದದ್ದು ಮುಖ್ಯವಾಗಿ ಇದಕ್ಕೇ. ‘DO NOT HONOUR’, 05, ಎಂದು ಬಂದರೆ ಬ್ಯಾಂಕು ಬೇಡವೆಂದಿದೆ, ಕಾರಣ ಮಾತ್ರ ಬಾಯಿಬಿಟ್ಟಿಲ್ಲ. ಆಗ ಕಾರ್ಡಿನ ಹಿಂದಿರುವ ನಂಬರಿಗೇ ಕರೆ ಮಾಡಿ ಕೇಳಬೇಕು.

ಯಂತ್ರ ‘ಆಗಲ್ಲ’ ಎಂದೂ ಖಾತೆಯಿಂದ ದುಡ್ಡು ಹೋದ ಮೆಸೇಜ್ ಬಂದರೆ ಮಾತ್ರ ವಿಷಯ ಬೇರೆ. ಎಟಿಎಂನಿಂದ ನೋಟು ಬರದಿದ್ದರೂ, ಅಂಗಡಿಯವರಿಗೆ ಖಚಿತತೆ ಸಿಗದಿದ್ದರೂ ವಹಿವಾಟಿನ ದಿನದಿಂದ ಐದು ದಿನದೊಳಗೆ ದುಡ್ಡು ತಾನಾಗಿ ವಾಪಸು ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬುದು 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ನಿಯಮ. ಅದನ್ನು ಕೇಳಲು ಹೋದಾಗ ಕೈಯಲ್ಲಿ ಇರಬೇಕಾದದ್ದು ದಿನಾಂಕ, ಹೊತ್ತು, ಸಂಕೇತ ಅಚ್ಚಾದ ಅದೇ ತುಂಡು ಚೀಟಿ. ಈಗ ಚಿಕ್ಕಪ್ಪ ಯಂತ್ರ ಕೀಂ ಅಂದರೆ ಮೊದಲು ಹೇಳುವ ಮಾತೇ, “ಚೀಟಿ ಎಸೀಬೇಡಪ್ಪಾ, ಕೊಡಿಲ್ಲಿ.”