ಬಡ್ಡಿ ತಿಂದರೂ ಅಸಲು ಕರಗುತ್ತದೆ

‘ಅಸಲು ಮುಟ್ಟಬೇಡಿ, ಬಡ್ಡಿಯಲ್ಲಿ ಜೀವನ ಮಾಡಿ’. ನಿವೃತ್ತರಾಗುವವರಿಗೆ ನಮ್ಮ ಕಡೆ ಎಲ್ಲರೂ ಕೊಡುವ ಬುದ್ಧಿಮಾತಿದು. ಖಾಸಗಿ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ನಮ್ಮ ದೊಡ್ಡಪ್ಪನಿಗೂ ನೆಂಟರೆಲ್ಲ ಇದನ್ನೇ ಹೇಳಿದರು. ಪಿಎಫ್, ಗ್ರ್ಯಾಚುಟಿ ಎಲ್ಲ ಸೇರಿ ಅವರ ಕೈಗೆ ಬಂದದ್ದು 50 ಲಕ್ಷ ರೂಪಾಯಿ. ಮನೆ ಖರ್ಚು ತಿಂಗಳಿಗೆ 33 ಸಾವಿರ, ಅಂದರೆ ವರ್ಷಕ್ಕೆ ಸುಮಾರು 4 ಲಕ್ಷ. ಶೇ 8ರ ಲೆಕ್ಕದಲ್ಲಿ 50 ಲಕ್ಷಕ್ಕೆ ಬರುವ ಬಡ್ಡಿಯೂ ಸರಿಯಾಗಿ 4 ಲಕ್ಷ. ‘ಇನ್ನೇನು ಚಿಂತೆ?’ ಎಂದು ಎಲ್ಲರೂ ನೆಮ್ಮದಿಯಾದರು.

ಈ ಲೆಕ್ಕ ಮೊದಲ ವರ್ಷಕ್ಕೆ ಮಾತ್ರ ಸರಿ. ಸರ್ಕಾರಿ ನೌಕರರ ಹಳೆಯ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತಾ ಹೋಗುತ್ತದೆ. ಇಡುಗಂಟಿನ ಬಡ್ಡಿಗೆ ಅಂಥ ಏರಿಕೆಯಿಲ್ಲ. ಬೆಲೆ ವರ್ಷಕ್ಕೆ ಶೇ 6ರಷ್ಟು ಏರಿದರೆ 12 ವರ್ಷದಲ್ಲಿ ಎಲ್ಲ ಖರ್ಚೂ ದುಪ್ಪಟ್ಟಾಗುತ್ತದೆ. ಆಗ ಬಡ್ಡಿಯಾಗಿ ಬರುವ 4 ಲಕ್ಷದಲ್ಲಿ ಇಂದಿನ 2 ಲಕ್ಷದ ಸಾಮಾನಷ್ಟೇ ಸಿಗುತ್ತದೆ. ಅಸಲು ಮುಟ್ಟುವುದಿಲ್ಲ ಎಂದು ಹಟ ಹಿಡಿದರೆ ಊಟ, ಔಷಧ ಕಡಿಮೆ ಮಾಡಬೇಕು. ಬದುಕು ಈಗಿನಂತೆಯೇ ಇರಲಿ ಎಂದರೆ ಅಸಲಿಗೆ ಕೈ ಹಾಕಲೇಬೇಕು.

ಕೈ ಹಾಕಿದರೆ ಎಷ್ಟು ವರ್ಷ ಬರುತ್ತದೆ? ಇದನ್ನು ತಿಳಿಯಲು ಒಂದು ನೋಟ್‌ಬುಕ್, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ವರ್ಷದ ಆರಂಭದಲ್ಲಿ ಇರುವ ಹಣದಿಂದ ಆ ವರ್ಷದ ಖರ್ಚು ಕಳೆಯಿರಿ. ಉಳಿದದ್ದನ್ನು 1.08ರಿಂದ ಗುಣಿಸಿ, ಅದು ಬಡ್ಡಿ ಸೇರಿದ ಮೊತ್ತ. ಖರ್ಚನ್ನು 1.06ರಿಂದ ಗುಣಿಸಿ, ಅದು ಮುಂದಿನ ವರ್ಷದ ಖರ್ಚು. ಹೀಗೆ ಸಾಲು ಸಾಲಾಗಿ ಬರೆಯುತ್ತಾ ಹೋಗಿ.

ದೊಡ್ಡಪ್ಪನ ಲೆಕ್ಕವನ್ನು ನಾನು ಹೀಗೆಯೇ ಬರೆದೆ. ಮೊದಲ ವರ್ಷ 4 ಲಕ್ಷ ತೆಗೆದ ಮೇಲೆ ವರ್ಷದ ಕೊನೆಗೆ 49.68 ಲಕ್ಷ ಉಳಿಯಿತು. ಐದನೇ ವರ್ಷದ ಕೊನೆಗೂ 45 ಲಕ್ಷ ಇತ್ತು. ಪಾಸ್‌ಬುಕ್ ನೋಡಿದವರು ಯಾರೂ ಗಾಬರಿಯಾಗುವುದಿಲ್ಲ. ಆದರೆ ಹತ್ತನೇ ವರ್ಷದ ಕೊನೆಗೆ ಅದು 28 ಲಕ್ಷಕ್ಕೆ ಇಳಿಯಿತು. ಹದಿನಾಲ್ಕನೇ ವರ್ಷ ಮುಗಿದಾಗ ಉಳಿದದ್ದು 78 ಸಾವಿರ. ಆ ಹೊತ್ತಿಗೆ ವರ್ಷದ ಖರ್ಚು 9 ಲಕ್ಷ ದಾಟಿರುತ್ತದೆ. ಈಗ 60 ವರ್ಷದ ದೊಡ್ಡಪ್ಪನಿಗೆ ಆಗ 74, ದೊಡ್ಡಮ್ಮನಿಗೆ 70. ಇಬ್ಬರೂ ಗಟ್ಟಿಯಾಗಿಯೇ ಇರಬಹುದಾದ ವಯಸ್ಸು.

ಹಾಗಾದರೆ ಎಷ್ಟು ತೆಗೆಯಬಹುದು? ಮೊದಲ ವರ್ಷ 2 ಲಕ್ಷ, ಅಂದರೆ ಇಡುಗಂಟಿನ ಶೇ 4ರಷ್ಟು ತೆಗೆದು, ನಂತರ ಅದನ್ನು ಬೆಲೆ ಏರಿದಂತೆ ಏರಿಸುತ್ತಾ ಹೋದರೆ ಅದೇ 50 ಲಕ್ಷ 33 ವರ್ಷ ಬರುತ್ತದೆ. ಇದರ ಹಿಂದಿನ ಸೂತ್ರ ಸರಳ. 50 ಲಕ್ಷ ಎಂದರೆ 2 ಲಕ್ಷದ 25 ಪಟ್ಟು. ಬಡ್ಡಿಯೂ ಬೆಲೆ ಏರಿಕೆಯೂ ಸರಿಸಮವಾಗಿದ್ದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. 25 ಪಟ್ಟು ಹಣ 25 ವರ್ಷ ಬರುತ್ತದೆ. ಬಡ್ಡಿ ಶೇ 2ರಷ್ಟು ಮುಂದಿದ್ದರೆ ಹೆಚ್ಚುವರಿ 8 ವರ್ಷ ಸಿಗುತ್ತದೆ. ಶೇ 1ರಷ್ಟೇ ಮುಂದಿದ್ದರೆ 28 ವರ್ಷ. ಆದ್ದರಿಂದ ಬ್ಯಾಂಕ್ ಎಷ್ಟು ಬಡ್ಡಿ ಕೊಡುತ್ತದೆ ಎನ್ನುವುದಕ್ಕಿಂತ, ತೆರಿಗೆ ಕಳೆದು ಕೈಗೆ ಬಂದದ್ದು ಬೆಲೆ ಏರಿಕೆಗಿಂತ ಎಷ್ಟು ಮುಂದಿದೆ ಎನ್ನುವುದೇ ಮುಖ್ಯ.

ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ ಶೇ 4. ಅದು ಶೇ 2ರಿಂದ 6ರ ನಡುವೆ ಇರಬೇಕೆಂಬುದು ಲೆಕ್ಕ. ನಾನು ಮೇಲಿನ ಅಂಚಿನ ಶೇ 6 ಹಿಡಿದದ್ದು ಬೇಕೆಂದೇ. ವಯಸ್ಸಾದವರ ಮನೆಯಲ್ಲಿ ಆಸ್ಪತ್ರೆ, ಔಷಧದ ಪಾಲು ದೊಡ್ಡದು; ವಯಸ್ಸು ಏರಿದಂತೆ ಆ ಪಾಲು ಇನ್ನೂ ಬೆಳೆಯುತ್ತದೆ.

ಈ ಶೇ 4 ಹೊಸದೇನಲ್ಲ. ವಿಲಿಯಂ ಬೆಂಗನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಅಲ್ಲಿನ ಷೇರು, ಬಾಂಡ್‌ಗಳ 1926ರಿಂದೀಚಿನ ಲೆಕ್ಕ ತೆಗೆದು ನೋಡಿದ. ಯಾವ ವರ್ಷ ನಿವೃತ್ತರಾಗಿದ್ದರೂ, ಮೊದಲ ವರ್ಷ ಶೇ 4ರಷ್ಟು ತೆಗೆದು ನಂತರ ಹಣದುಬ್ಬರದಷ್ಟು ಏರಿಸಿಕೊಂಡವರ ಹಣ 30 ವರ್ಷ ಬಂದಿತ್ತು. ಅತಿ ಕಷ್ಟದ ಸ್ಥಿತಿ 1960ರ ದಶಕದ ದ್ವಿತೀಯಾರ್ಧದಲ್ಲಿ ನಿವೃತ್ತರಾದವರದು. ಅವರು ಕೆಲಸ ಬಿಟ್ಟ ಕೆಲವೇ ವರ್ಷಗಳಲ್ಲಿ ಷೇರುಪೇಟೆ ಬಿತ್ತು, ಬೆಲೆಗಳು ಗಗನಕ್ಕೇರಿದವು. ಇದು ಅಮೆರಿಕದ ಮಾರುಕಟ್ಟೆಯ ಲೆಕ್ಕ. ನಮ್ಮ ಬೆಲೆ ಏರಿಕೆ, ನಮ್ಮ ಬಡ್ಡಿ ಬೇರೆ. ಹಾಗಾಗಿ ಶೇ 4 ನಮಗೆ ಗ್ಯಾರಂಟಿ ಅಲ್ಲ, ಲೆಕ್ಕ ಶುರು ಮಾಡಲು ಒಂದು ಅಂಕಿ ಅಷ್ಟೇ.

ಆ ಅಧ್ಯಯನ ಇನ್ನೊಂದು ವಿಷಯವನ್ನೂ ತೋರಿಸಿತು. ಸರಾಸರಿ ಲಾಭ ಒಂದೇ ಆಗಿದ್ದರೂ ನಷ್ಟ ಯಾವಾಗ ಬಂತು ಎನ್ನುವುದು ಮುಖ್ಯ. ಒಂದು ವರ್ಷ ಶೇ 20 ನಷ್ಟ, ಇನ್ನೊಂದು ವರ್ಷ ಶೇ 25 ಲಾಭ ಎಂದುಕೊಳ್ಳಿ. ಹಣ ಮುಟ್ಟದಿದ್ದರೆ ಯಾವುದು ಮೊದಲು ಬಂದರೂ 50 ಲಕ್ಷ 50 ಲಕ್ಷವಾಗಿಯೇ ಉಳಿಯುತ್ತದೆ. ಆದರೆ ಮೊದಲ ವರ್ಷ 2 ಲಕ್ಷ, ಎರಡನೇ ವರ್ಷ 2.12 ಲಕ್ಷ ತೆಗೆಯುತ್ತಿದ್ದರೆ, ಲಾಭ ಮೊದಲು ಬಂದಾಗ ಉಳಿಯುವುದು 46.30 ಲಕ್ಷ, ನಷ್ಟ ಮೊದಲು ಬಂದಾಗ 45.35 ಲಕ್ಷ. ಎರಡೇ ವರ್ಷದಲ್ಲಿ 95 ಸಾವಿರ ವ್ಯತ್ಯಾಸ. ಬಿದ್ದ ಬೆಲೆಗೆ ಮಾರಿದ ಯೂನಿಟ್‌ಗಳು ಮಾರುಕಟ್ಟೆ ಮೇಲೆದ್ದಾಗ ನಮ್ಮ ಬಳಿ ಇರುವುದಿಲ್ಲವಲ್ಲ! ಅದಕ್ಕೇ ಎರಡು ಮೂರು ವರ್ಷದ ಖರ್ಚನ್ನು ಎಫ್‌ಡಿಯಂಥ ಕಡೆ ಬೇರೆ ಇಟ್ಟುಕೊಂಡು, ಮ್ಯೂಚುವಲ್ ಫಂಡ್ ಬಿದ್ದ ವರ್ಷ ಅದನ್ನು ಮುಟ್ಟದಿರುವುದು ಒಳ್ಳೆಯದು. ಅಂಥ ವರ್ಷ ಖರ್ಚನ್ನು ಏರಿಸದೆ ಹೋದ ವರ್ಷದಷ್ಟೇ ತೆಗೆದರೂ ಹಣ ಹೆಚ್ಚು ಕಾಲ ಬರುತ್ತದೆ.

ದಾರಿ ತಪ್ಪುತ್ತಿದೆಯೇ ಎಂದು ತಿಳಿಯಲು ಪಾಸ್‌ಬುಕ್ಕಿನ ಮೊತ್ತ ಸಾಲದು. ವರ್ಷಕ್ಕೊಮ್ಮೆ ಇರುವ ಹಣವನ್ನು ಆ ವರ್ಷದ ಖರ್ಚಿನಿಂದ ಭಾಗಿಸಿ, ಬಂದ ಅಂಕಿಯನ್ನು ಇನ್ನು ಎಷ್ಟು ವರ್ಷ ಹಣ ಬೇಕು ಎನ್ನುವುದರ ಜೊತೆ ಹೋಲಿಸಬೇಕು. 4 ಲಕ್ಷ ತೆಗೆಯುವ ಲೆಕ್ಕದಲ್ಲಿ ಆರನೇ ವರ್ಷದ ಆರಂಭಕ್ಕೆ ಖಾತೆಯಲ್ಲಿ 45 ಲಕ್ಷ ಇದ್ದರೂ ಅದು ಆ ವರ್ಷದ ಖರ್ಚಿನ ಎಂಟೂವರೆ ಪಟ್ಟಿಗಿಂತ ಕಡಿಮೆ. ಬೇಕಿರುವುದು ಇನ್ನೂ 25 ವರ್ಷಕ್ಕೆ. ಅಪಾಯದ ಗಂಟೆ ಅಲ್ಲೇ ಕೇಳಿಸುತ್ತದೆ. ಇದಕ್ಕೆ ತದ್ವಿರುದ್ಧ ಮೋಸವೂ ಉಂಟು. 2 ಲಕ್ಷ ತೆಗೆಯುವವರ ಖಾತೆ ಹತ್ತು ವರ್ಷದಲ್ಲಿ 68 ಲಕ್ಷಕ್ಕೆ ಬೆಳೆಯುತ್ತದೆ. ಅದನ್ನು ಕಂಡು ‘ಹೆಚ್ಚಾಗಿದೆ’ ಎಂದು ಮೊಮ್ಮಗಳ ಮದುವೆಗೆ ಹತ್ತು ಲಕ್ಷ ತೆಗೆಯುವಂತಿಲ್ಲ. ಇಂದಿನ ಬೆಲೆಯಲ್ಲಿ ಅದು 38 ಲಕ್ಷ ಮಾತ್ರ.

ನೋಟ್‌ಬುಕ್ ತೋರಿಸಿದಾಗ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದ್ರೆ ನಾನು ಇನ್ನೂ ಮೂರು ವರ್ಷ ದುಡಿದ್ರೆ?’ ಅದನ್ನೂ ಬರೆದು ನೋಡಿದೆವು. ಖರ್ಚು ಅಷ್ಟೇ ಇದ್ದು ಮೂರು ವರ್ಷ ಹಣ ಮುಟ್ಟದಿದ್ದರೆ ಇಡುಗಂಟು 63 ಲಕ್ಷವಾಗುತ್ತದೆ. ಆದರೆ ಖರ್ಚೂ ಏರಿರುತ್ತದೆ, 12.5 ಪಟ್ಟು ಇದ್ದದ್ದು 13.2 ಪಟ್ಟಾಗುತ್ತದೆ ಅಷ್ಟೇ. ನಿಜವಾದ ವ್ಯತ್ಯಾಸ ತಂದದ್ದು ಮಹಡಿ ಮನೆ. ಅದನ್ನು ತಿಂಗಳಿಗೆ 10 ಸಾವಿರಕ್ಕೆ ಬಾಡಿಗೆಗೆ ಕೊಟ್ಟರೆ ಇಡುಗಂಟಿನಿಂದ ಬೇಕಾಗುವುದು ಇಂದಿನ ಲೆಕ್ಕದಲ್ಲಿ ವರ್ಷಕ್ಕೆ 2.8 ಲಕ್ಷ. ಬಾಡಿಗೆ ಬೆಲೆಯ ಜೊತೆಗೇ ಏರಿದರೆ ಹಣ 21 ವರ್ಷ ಬರುತ್ತದೆ. ಬಾಡಿಗೆಯ ಜೊತೆಗೆ ಮೂರು ವರ್ಷದ ದುಡಿಮೆಯೂ ಸೇರಿದರೆ 63ನೇ ವಯಸ್ಸಿನಿಂದ ಸುಮಾರು 23 ವರ್ಷ, ಅಂದರೆ 86ರವರೆಗೆ.

ಆಗ ದೊಡ್ಡಮ್ಮನಿಗೆ 82. ‘ನನ್ನ ಲೆಕ್ಕ ಅಲ್ಲಿಗೇ ನಿಲ್ಲುತ್ತಾ?’ ಎಂದು ಅವರು ನಕ್ಕರು. ದೊಡ್ಡಪ್ಪ ಮಾತ್ರ ನಗದೆ, ನೋಟ್‌ಬುಕ್ಕಿನಲ್ಲಿ ಖರ್ಚಿನ ಸಾಲುಗಳನ್ನು ಒಂದೊಂದಾಗಿ ಓದತೊಡಗಿದರು.